ಐದು ವರ್ಷ ಎಂದರೆ ಯಾವ ಐದು?

ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಣಿಯಾದ ಕೂಡಲೇ ಹೊಸ ನಿರ್ದೇಶಕರು ಓಡಾಡುವುದು ಬ್ಯಾಂಕ್ ಖಾತೆಗೆ, ಜಿಎಸ್‌ಟಿ ನಂಬರಿಗೆ, ಬಾಗಿಲಿಗೆ ತೂಗುಹಾಕುವ ಬೋರ್ಡಿಗೆ. ಆಡಿಟರ್ ವಿಷಯ ಬಂದರೆ, ‘ಮಾರ್ಚ್ ಮುಗಿಯಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಸ್ವಂತ ಅಂಗಡಿ ನಡೆಸಿ ಬಂದವರಿಗೆ ಇದು ಸಹಜವೇ. ಅಲ್ಲಿ ವಹಿವಾಟು ಒಂದು ಮಟ್ಟ ದಾಟಿದರಷ್ಟೇ ಆಡಿಟ್. ಕಂಪನಿಯ ಲೆಕ್ಕ ಬೇರೆ. ವರ್ಷವಿಡೀ ಒಂದು ರೂಪಾಯಿ ವ್ಯಾಪಾರವಾಗದಿದ್ದರೂ ಅದರ ಲೆಕ್ಕಪತ್ರ ಆಡಿಟ್ ಆಗಲೇಬೇಕು. ಆಡಿಟರ್ ನೇಮಕಕ್ಕೆ ಮಾರ್ಚ್‌ವರೆಗೂ ಸಮಯವಿಲ್ಲ, 2013ರ ಕಂಪನಿ ಕಾಯ್ದೆಯ 139ನೇ ಕಲಂ ಕೊಡುವುದು ನೋಂದಣಿಯಿಂದ 30 ದಿನ ಮಾತ್ರ.

ಒಂದು ಉದಾಹರಣೆ ಹಿಡಿದೇ ಹೋಗೋಣ. ಸಾಗರದ ಇಬ್ಬರು ಗೆಳೆಯರು ಅಡಿಕೆ ಹಾಳೆಯ ತಟ್ಟೆ ಮಾಡುವ ಕಂಪನಿ ತೆರೆದರು ಎಂದುಕೊಳ್ಳಿ. ಬಂಡವಾಳ 10 ಲಕ್ಷ ರೂಪಾಯಿ, ನೋಂದಣಿ 2024ರ ಜೂನ್ 10ರಂದು. ಜುಲೈ 10ರೊಳಗೆ ಅವರು ನಿರ್ದೇಶಕ ಮಂಡಳಿಯ ಸಭೆ ನಡೆಸಿ ಮೊದಲ ಆಡಿಟರನ್ನು ನೇಮಿಸಬೇಕು. ನೇಮಿಸದಿದ್ದರೆ ಷೇರುದಾರರಿಗೆ ತಿಳಿಸಬೇಕು. ಅವರು 90 ದಿನದೊಳಗೆ ವಿಶೇಷ ಸಭೆ ಸೇರಿ ನೇಮಿಸುತ್ತಾರೆ. ಸಣ್ಣ ಕಂಪನಿಯಲ್ಲಿ ನಿರ್ದೇಶಕರೂ ಷೇರುದಾರರೂ ಅದೇ ಇಬ್ಬರಾದ್ದರಿಂದ ತಮಗೆ ತಾವೇ ನೋಟಿಸು ಕೊಟ್ಟುಕೊಳ್ಳುವ ಪ್ರಸಂಗ ಇದು. ನಗು ಬಂದರೂ ಕಾಗದ ಮಾತ್ರ ಇರಲೇಬೇಕು.

ಈ ಮೊದಲ ಆಡಿಟರ್‌ನ ಅವಧಿ ಮೊದಲ ವಾರ್ಷಿಕ ಮಹಾಸಭೆ ಮುಗಿಯುವವರೆಗೆ ಮಾತ್ರ. ನಮ್ಮ ತಟ್ಟೆ ಕಂಪನಿಯ ಮೊದಲ ಹಣಕಾಸು ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ಮೊದಲ ಮಹಾಸಭೆ ಸೇರಬೇಕು. ಅವರು ಡಿಸೆಂಬರ್ 20ರಂದು ಸೇರಿದರು ಎನ್ನಿ. ಐದು ವರ್ಷದ ನಿಜವಾದ ನೇಮಕ ಆಗುವುದು ಇಲ್ಲಿ, ಅದನ್ನು ಮಾಡುವವರು ನಿರ್ದೇಶಕರಲ್ಲ, ಷೇರುದಾರರು. ಹಳೆಯ ಆಡಿಟರನ್ನೇ ಮುಂದುವರಿಸಲು ಅಡ್ಡಿಯಿಲ್ಲ. ಆದರೆ ಅವರ ಲಿಖಿತ ಒಪ್ಪಿಗೆ, ತಾನು ಅರ್ಹ ಎಂಬ ಪ್ರಮಾಣಪತ್ರ ಮೊದಲೇ ಕೈಸೇರಿರಬೇಕು.

ಗೊಂದಲ ಶುರುವಾಗುವುದು ಈ ಐದು ವರ್ಷದಲ್ಲಿ. ಕಾಯ್ದೆ ಅವಧಿಯನ್ನು ಅಳೆಯುವುದು ಸಭೆಗಳಿಂದ: ಮೊದಲ ಮಹಾಸಭೆಯ ಮುಕ್ತಾಯದಿಂದ ಆರನೆಯ ಮಹಾಸಭೆಯ ಮುಕ್ತಾಯದವರೆಗೆ. ತಟ್ಟೆ ಕಂಪನಿಯ ಎರಡನೇ ಮಹಾಸಭೆ 2026ರ ಸೆಪ್ಟೆಂಬರ್ ಒಳಗೆ, ಹೀಗೆ ವರ್ಷಕ್ಕೊಂದರಂತೆ ಆರನೆಯದು 2030ರಲ್ಲಿ. ಆಡಿಟರ್ ನೋಡುವ ಲೆಕ್ಕಗಳು 2025-26ರಿಂದ 2029-30ರವರೆಗಿನ ಐದು. 2024-25ರ ಲೆಕ್ಕವನ್ನು ಮೊದಲ ಆಡಿಟರ್ ಆಗಿ ನೋಡಿಯಾಗಿದೆ, ಅದು ಈ ಐದರಲ್ಲಿ ಸೇರುವುದಿಲ್ಲ. ಒಬ್ಬರೇ ಎರಡೂ ಪಾತ್ರದಲ್ಲಿದ್ದರೆ ಒಟ್ಟು ಆರು ವರ್ಷದ ಲೆಕ್ಕ ಅವರ ಕೈಯಲ್ಲಿ. ಸಭೆ ನಡೆದ 15 ದಿನದೊಳಗೆ, ಇಲ್ಲಿ 2026ರ ಜನವರಿ 4ರೊಳಗೆ, ADT-1 ಎಂಬ ಫಾರಂ ಮೂಲಕ ಕಂಪನಿ ರಿಜಿಸ್ಟ್ರಾರ್‌ಗೆ ಇದನ್ನು ತಿಳಿಸಬೇಕು. ಫಾರಂನಲ್ಲಿ ಲೆಕ್ಕದ ಅವಧಿ ಕೇಳಿದ ಕಡೆ ತುಂಬಬೇಕಾದ್ದು 2025ರ ಏಪ್ರಿಲ್ 1ರಿಂದ 2030ರ ಮಾರ್ಚ್ 31. ಸಭೆಯ ತಾರೀಖನ್ನೇ ಆರಂಭ ಎಂದು ಬರೆದು, ಮುಂದೆ ಯಾವುದೋ ಒಂದು ವರ್ಷದ ಲೆಕ್ಕಕ್ಕೆ ಆಡಿಟರೇ ಇಲ್ಲವೆಂಬಂತೆ ತೋರುವ ಕಡತಗಳಿಗೆ ಬರವಿಲ್ಲ.

ತಡವಾದರೆ? 10 ಲಕ್ಷ ಬಂಡವಾಳದ ಕಂಪನಿಗೆ ಈ ಫಾರಂನ ಶುಲ್ಕ 400 ರೂಪಾಯಿ. ಆರು ತಿಂಗಳು ದಾಟಿದರೆ ಅದರ ಹನ್ನೆರಡು ಪಟ್ಟು, 4,800 ರೂಪಾಯಿ, ಹೆಚ್ಚುವರಿ. ಮೊತ್ತ ದೊಡ್ಡದೇನಲ್ಲ. ನೇಮಕವನ್ನೇ ಮಾಡದಿರುವುದು ಮಾತ್ರ ಬೇರೆ ತಪ್ಪು. ಅದಕ್ಕೆ ಕಂಪನಿಗೆ 25,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡವಿದೆ, ಹೊಣೆ ಹೊತ್ತ ಅಧಿಕಾರಿಗಳಿಗೆ ಪ್ರತ್ಯೇಕ ದಂಡ.

ಪ್ರತಿ ವರ್ಷ ಮಹಾಸಭೆಯಲ್ಲಿ ನೇಮಕವನ್ನು ದೃಢೀಕರಿಸುವ ನಿಯಮ 2018ರ ಮೇ ತಿಂಗಳಲ್ಲೇ ಹೋಯಿತು. ಹಳೆಯ ನಮೂನೆ ನೋಡಿಕೊಂಡು ಈಗಲೂ ಆ ಠರಾವು ಬರೆಯುವವರಿದ್ದಾರೆ. ತೊಂದರೆಯಿಲ್ಲ, ಬರೀ ಶಾಯಿ ಖರ್ಚು.

ಇನ್ನು ಸರದಿ ಬದಲಾವಣೆ. ಒಬ್ಬ ಸಿ.ಎ.ಗೆ ಐದು ವರ್ಷದ ಒಂದು ಅವಧಿ, ಸಂಸ್ಥೆಯಾದರೆ ಎರಡು ಅವಧಿ, ಬಳಿಕ ಐದು ವರ್ಷ ಆ ಕಂಪನಿಯ ಕಡೆ ತಲೆಹಾಕುವಂತಿಲ್ಲ. ಇದು ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಜೊತೆಗೆ ಕೆಲವು ದೊಡ್ಡ ಕಂಪನಿಗಳಿಗೆ ಇರುವ ಕಟ್ಟಳೆ. ಖಾಸಗಿ ಕಂಪನಿ ಇದರೊಳಗೆ ಬರುವುದು ಪಾವತಿಯಾದ ಬಂಡವಾಳ 50 ಕೋಟಿ ಮುಟ್ಟಿದಾಗ, ಇಲ್ಲವೇ ಬ್ಯಾಂಕು, ಹಣಕಾಸು ಸಂಸ್ಥೆಗಳ ಸಾಲ ಅಥವಾ ಸಾರ್ವಜನಿಕ ಠೇವಣಿ 50 ಕೋಟಿ ಮುಟ್ಟಿದಾಗ. ಕಾಯ್ದೆಯ ಅರ್ಥದಲ್ಲಿ ‘ಸಣ್ಣ ಕಂಪನಿ’ಯಾದರೆ ಅದೂ ಇಲ್ಲ, ಪೂರಾ ವಿನಾಯಿತಿ. ಈ ವ್ಯಾಖ್ಯೆಯ ಮಿತಿಯನ್ನು ಸರ್ಕಾರ ಏರಿಸುತ್ತಲೇ ಬಂದಿದೆ. 2022ರಲ್ಲೇ ಅದು 4 ಕೋಟಿ ಬಂಡವಾಳ, 40 ಕೋಟಿ ವಹಿವಾಟಿಗೆ ಏರಿತ್ತು. ಬೇರೊಂದು ಕಂಪನಿಯ ಅಂಗಸಂಸ್ಥೆಯಾದರೆ ಮಾತ್ರ ಎಷ್ಟೇ ಪುಟ್ಟದಿದ್ದರೂ ಆ ಹೆಸರು ಸಿಗದು. ಹಾಗಾದ ಮಾತ್ರಕ್ಕೆ ಸರದಿ ಬರುವುದೂ ಇಲ್ಲ, 50 ಕೋಟಿಯ ಆ ಗೆರೆಗಳು ಇನ್ನೂ ದೂರವೇ ಇರುತ್ತವೆ.

ಹೀಗಾಗಿ ತಟ್ಟೆ ಕಂಪನಿ 2030ರಲ್ಲಿ ಅದೇ ಆಡಿಟರನ್ನು ಮತ್ತೆ ಐದು ವರ್ಷಕ್ಕೆ ನೇಮಿಸಬಹುದು, 2035ರಲ್ಲೂ ನೇಮಿಸಬಹುದು. ಸರದಿ ಇಲ್ಲ ಎಂದರೆ ನೇಮಕ ತಾನಾಗಿಯೇ ಮುಂದುವರಿಯುತ್ತದೆ ಎಂದು ತಿಳಿಯುವುದೇ ಎಡವಟ್ಟು. ಪ್ರತಿ ಸಲ ಹೊಸ ಒಪ್ಪಿಗೆ ಪತ್ರ, ಹೊಸ ಠರಾವು, ಹೊಸ ADT-1 ಬೇಕು. ಮಹಾಸಭೆಯಲ್ಲಿ ಯಾರನ್ನೂ ನೇಮಿಸದಿದ್ದರೆ ಇದ್ದವರೇ ಮುಂದುವರಿಯುತ್ತಾರೆ ಎಂದು ಕಾಯ್ದೆ ಹೇಳುತ್ತದೆ ನಿಜ. ಅದು ಕಂಪನಿ ಆಡಿಟರಿಲ್ಲದೆ ಉಳಿಯದಿರಲಿ ಎಂಬ ಏರ್ಪಾಡು, ಅದನ್ನೇ ನೆಚ್ಚಿ ಐದು ವರ್ಷ ಕಳೆಯುವಂತಿಲ್ಲ.

ನಡುವೆ ಆಡಿಟರ್ ಬಿಟ್ಟುಹೋದರೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. 2027ರ ನವೆಂಬರ್ 5ರಂದು ಅವರು ರಾಜೀನಾಮೆ ಕೊಟ್ಟರು ಎನ್ನೋಣ. ಕಾರಣ ತಿಳಿಸಿ 30 ದಿನದೊಳಗೆ ADT-3 ಸಲ್ಲಿಸುವುದು ಅವರ ಕೆಲಸ. ಖಾಲಿ ಜಾಗ ತುಂಬಲು ಮಂಡಳಿಗೂ 30 ದಿನ. ಮಂಡಳಿ ನವೆಂಬರ್ 25ರಂದು ಒಬ್ಬರನ್ನು ಆರಿಸಿದರೆ, ಆ ಶಿಫಾರಸಿನಿಂದ ಮೂರು ತಿಂಗಳೊಳಗೆ, ಫೆಬ್ರವರಿ 25ರೊಳಗೆ, ಷೇರುದಾರರ ಸಭೆ ಒಪ್ಪಬೇಕು. ಸಾವಿನಿಂದ ಜಾಗ ಖಾಲಿಯಾದರೆ ಈ ಒಪ್ಪಿಗೆ ಬೇಡ, ರಾಜೀನಾಮೆಗೆ ಬೇಕು.

ಹಾಗೆ ಬಂದವರು ಹಳಬರ ಉಳಿದ ವರ್ಷಗಳನ್ನು ಪೂರೈಸುತ್ತಾರೆ ಎಂದು ಬಹುತೇಕ ನಿರ್ದೇಶಕರು ಭಾವಿಸುತ್ತಾರೆ. ಇಲ್ಲ. ಅವರ ಅವಧಿ ಮುಂದಿನ ಮಹಾಸಭೆಗೇ, 2028ರ ನಾಲ್ಕನೇ ಸಭೆಗೇ, ಮುಗಿಯುತ್ತದೆ. ಅಲ್ಲಿ ಅವರನ್ನೋ ಇನ್ನೊಬ್ಬರನ್ನೋ ಹೊಸದಾಗಿ ಐದು ವರ್ಷಕ್ಕೆ, ಅಂದರೆ 2033ರ ಒಂಬತ್ತನೇ ಸಭೆಯವರೆಗೆ, ನೇಮಿಸಬೇಕು. 2030 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರೆ ಅಳಿಸಿಬಿಡಿ.

ಆಡಿಟರ್ ಹಿಡಿಸಲಿಲ್ಲ, ತೆಗೆದುಹಾಕೋಣ ಎನ್ನುವವರಿಗೆ ದಾರಿ ಕಷ್ಟದ್ದು. ಅವಧಿಗೆ ಮುಂಚೆ ತೆಗೆಯಲು ಮಂಡಳಿಯ ನಿರ್ಣಯ, ADT-2 ಅರ್ಜಿ, ಕೇಂದ್ರ ಸರ್ಕಾರದ ಮುಂಗಡ ಅನುಮತಿ, ಬಳಿಕ ಮುಕ್ಕಾಲು ಪಾಲು ಮತದ ವಿಶೇಷ ಠರಾವು ಎಲ್ಲ ಬೇಕು. ಕಟುವಾಗಿ ಪ್ರಶ್ನೆ ಕೇಳುವ ಆಡಿಟರನ್ನು ಯಜಮಾನರು ಹೊರದಬ್ಬದಿರಲಿ ಎಂದೇ ಈ ಬಿಗಿ. ಮಾತಾಡಿ ರಾಜೀನಾಮೆ ಪಡೆಯುವುದು ಸಣ್ಣ ಕಂಪನಿಗಳ ರೂಢಿ. ಆದರೂ ಹೊಸಬರು ಒಪ್ಪಿಕೊಳ್ಳುವ ಮುನ್ನ ಹಳಬರಿಗೆ ಪತ್ರ ಬರೆದು ವಿಚಾರಿಸಲೇಬೇಕು, ಇಲ್ಲದಿದ್ದರೆ ಸಿ.ಎ. ಕಾಯ್ದೆಯಡಿ ಅದು ವೃತ್ತಿ ದುರ್ನಡತೆ. ಹಳಬರ ತಕರಾರಿಲ್ಲದ ಆಡಿಟ್ ಫೀ ಬಾಕಿಯಿದ್ದರೆ ಅವರು ಕೆಲಸ ಹಿಡಿಯುವಂತಿಲ್ಲ. ಎರಡು ವರ್ಷದ ಫೀ ಬಾಕಿ ಇಟ್ಟುಕೊಂಡು ಹೊಸ ಸಿ.ಎ. ಹುಡುಕುವವರು ಮೊದಲು ಹಳೆಯ ಬಿಲ್ಲು ತೀರಿಸಿ, ರಸೀದಿ ಕೈಯಲ್ಲಿ ಹಿಡಿದು ಹೊರಡಲಿ.