ತವರಿಗೆ ಹೆರಿಗೆಗೆ ಹೊರಟಾಗ ಚೀಲಕ್ಕೂ ಮೊದಲು ಫೈಲು

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಸೀಮಂತ ಮುಗಿಸಿ, ಮಡಿಲು ತುಂಬಿ, ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಮಗಳನ್ನು ಕರೆದೊಯ್ಯುತ್ತಾರೆ. ಅವ್ವನ ಕೈಯಡುಗೆ, ಎಣ್ಣೆ ನೀರು, ಹಗಲು ನಿದ್ದೆ ಎಲ್ಲವೂ ಅಲ್ಲಿ ಸಿಗುತ್ತದೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ಅಷ್ಟು ತಿಂಗಳ ತಪಾಸಣೆ ಒಂದೂರಲ್ಲಿ ಆಗಿರುತ್ತದೆ, ಹೆರಿಗೆ ಇನ್ನೊಂದೂರಲ್ಲಿ. ಹೆರಿಗೆ ಮಾಡಿಸುವ ಡಾಕ್ಟರು ಎಷ್ಟೋ ಸಲ ಬಸುರಿಯ ಮುಖ ನೋಡುವುದೇ ನೋವು ಶುರುವಾದ ಮೇಲೆ. ಹಿಂದಿನ ತಿಂಗಳುಗಳಲ್ಲಿ ಏನಾಗಿತ್ತು ಎಂದು ಅವರಿಗೆ ಆಗ ಹೇಳಬಲ್ಲದ್ದು ಕೈಯಲ್ಲಿರುವ ಕಾಗದ ಮಾತ್ರ.

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ. ಹೆಂಡತಿಯ ತವರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ. ತಾಯಿ ಕಾರ್ಡ್ ಮಾಡಿಸಿದ್ದು ಬೆಂಗಳೂರಿನ ಬಾಡಿಗೆ ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ. ಸ್ಕ್ಯಾನಿಂಗ್ ಮಾಡಿಸಿದ್ದು ಒಂದು ಖಾಸಗಿ ಲ್ಯಾಬಿನಲ್ಲಿ. ರಕ್ತಪರೀಕ್ಷೆಯ ಚೀಟಿಗಳು ಬೀರುವಿನಲ್ಲಿ, ಗ್ಯಾಸ್ ಪುಸ್ತಕದ ಜೊತೆ. ಎಂಟನೇ ತಿಂಗಳಲ್ಲಿ ಅಣ್ಣ ಕಾರು ತಂದಾಗ ಸೀರೆ, ಬಳೆ, ಬುತ್ತಿ ಎಲ್ಲ ನೆನಪಿನಿಂದ ಏರಿದವು, ಆ ಚೀಟಿಗಳು ಬೀರುವಿನಲ್ಲೇ ಉಳಿದವು. ತವರಿನ ಆಶಾ ಕಾರ್ಯಕರ್ತೆ ಬಂದು ಕಾರ್ಡ್ ತಿರುವಿ ನೋಡಿದಾಗ ರಕ್ತದ ಗುಂಪಿನ ಜಾಗ ಖಾಲಿ.

‘ನಿನ್ನ ರಕ್ತ ಯಾವ ಗುಂಪು ತಂಗಿ?’

‘ಯಾವುದೋ ನೆಗೆಟಿವ್ ಅಂದಿದ್ರು ಅಕ್ಕಾ. ಚೀಟಿ ಬೆಂಗಳೂರಾಗ ಐತಿ.’

ಗಂಡ ಬೀರು ತೆಗೆದು, ಚೀಟಿಯ ಫೋಟೊ ಹೊಡೆದು ವಾಟ್ಸ್ಯಾಪಿನಲ್ಲಿ ಕಳಿಸಿದ. ಓ ನೆಗೆಟಿವ್ ಎಂದಿತ್ತು. ಗಂಡನದು ಬಿ ಪಾಸಿಟಿವ್.

ಈ ಒಂದು ಸಾಲಿನಿಂದ ಹೆರಿಗೆಯ ತಯಾರಿಯೇ ಬೇರೆಯಾಗುತ್ತದೆ. ತಾಯಿ ನೆಗೆಟಿವ್ ಇದ್ದು ಮಗು ಪಾಸಿಟಿವ್ ಆದರೆ, ಹೆರಿಗೆ ಹೊತ್ತಿಗೆ ಮಗುವಿನ ರಕ್ತ ತಾಯಿಯ ರಕ್ತದೊಳಗೆ ಸ್ವಲ್ಪ ಸೇರಬಹುದು. ತಾಯಿಯ ದೇಹ ಅದನ್ನು ಹೊರಗಿನದೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗದಿದ್ದರೂ ಮುಂದಿನ ಬಸುರಿನ ಮಗುವಿಗೆ ಅದು ಅಪಾಯ. ಇದನ್ನು ತಡೆಯಲು ಆಂಟಿ-ಡಿ ಎಂಬ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ 28ನೇ ವಾರದ ಸುಮಾರಿಗೆ ಒಂದು ಕೊಡುತ್ತಾರೆ. ಮಗು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಇದನ್ನು ತಣ್ಣಗಿನ ಪೆಟ್ಟಿಗೆಯಲ್ಲೇ ಇಡಬೇಕು, ಎಲ್ಲ ಸಣ್ಣ ಆಸ್ಪತ್ರೆಯಲ್ಲೂ ಸದಾ ಇರುತ್ತದೆ ಎನ್ನಲಾಗದು. ಮೊದಲೇ ಹೇಳಿದ್ದರೆ ಆಸ್ಪತ್ರೆಯವರು ತರಿಸಿಡುತ್ತಾರೆ. ಹೆರಿಗೆ ಮುಗಿದ ರಾತ್ರಿ ಹೇಳಿದರೆ ಮನೆಯವರು ಊರೂರು ಅಲೆಯಬೇಕಾಗುತ್ತದೆ.

ಹಾಗಾಗಿ ಫೈಲನ್ನು ಸೀಮಂತಕ್ಕೆ ಮುಂಚೆಯೇ ಕಟ್ಟಿಡಿ. ಒಂದು ಪ್ಲಾಸ್ಟಿಕ್ ಫೋಲ್ಡರ್ ಸಾಕು. ಮೇಲೆ ತಾಯಿ ಕಾರ್ಡ್. ಅದರ ಹಿಂದೆ ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್-ಬಿ ಪರೀಕ್ಷೆಯ ಚೀಟಿಗಳು. ಆಮೇಲೆ ಸ್ಕ್ಯಾನಿಂಗ್ ವರದಿಗಳು, ಎಲ್ಲಕ್ಕಿಂತ ಹಳೆಯದು ಮೇಲೆ ಬರುವಂತೆ. ಹಳೆಯದು ಇನ್ಯಾಕೆ ಎಂದು ಅದನ್ನೇ ಬಿಟ್ಟುಬರುವವರು ಹೆಚ್ಚು. ಮೂರನೇ ತಿಂಗಳೊಳಗಿನ ಸ್ಕ್ಯಾನಿಂಗೇ ತಿಂಗಳ ಲೆಕ್ಕವನ್ನು ಸರಿಯಾಗಿ ಹೇಳುವುದು, ಒಂಬತ್ತನೇ ತಿಂಗಳದ್ದು ಒಂದೆರಡು ವಾರ ಹಿಂದೆಮುಂದೆ ತೋರಿಸಬಹುದು. ನೋವು ಬೇಗ ಬಂದಾಗ ಮಗು ತಿಂಗಳು ತುಂಬಿದ್ದೋ ಇಲ್ಲವೋ, ತಾಲ್ಲೂಕು ಆಸ್ಪತ್ರೆ ಸಾಕೋ ನವಜಾತ ಶಿಶು ಘಟಕವಿರುವ ಜಿಲ್ಲಾಸ್ಪತ್ರೆಯೇ ಬೇಕೋ ಎಂದು ಡಾಕ್ಟರು ತೀರ್ಮಾನಿಸುವುದು ಆ ಲೆಕ್ಕದ ಮೇಲೆ. ಹಿಂದೆ ಸಿಸೇರಿಯನ್ ಆಗಿದ್ದರೆ ಆಗಿನ ಡಿಸ್ಚಾರ್ಜ್ ಚೀಟಿಯೂ ಇರಲಿ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಹೊಸ ಕಾಗದದಲ್ಲಿ ಬರೆದಿಡಿ. ಎಲ್ಲದರ ಫೋಟೊ ಗಂಡನ ಫೋನಿನಲ್ಲೂ ಅವ್ವನ ಮನೆಯ ಒಂದು ಫೋನಿನಲ್ಲೂ ಇರಲಿ.

ಗುರುತಿನ ಕಾಗದಗಳಲ್ಲಿ ಗಂಡ-ಹೆಂಡತಿ ಇಬ್ಬರ ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್ ಜೆರಾಕ್ಸ್, ಹೆಂಡತಿಯ ಸ್ವಂತ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಬೇಕು. ಬಡತನ ರೇಖೆಗಿಂತ ಕೆಳಗಿನ ಮನೆಯವರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜನನಿ ಸುರಕ್ಷಾ ಯೋಜನೆಯ ಹಣ ಬರುವುದು ನೇರ ಆ ಖಾತೆಗೆ. ಗಂಡನ ಆಧಾರ್ ಗಂಡನ ಜೇಬಿನಲ್ಲೇ ಬೆಂಗಳೂರಿನಲ್ಲಿ ಉಳಿಯುವುದು ಸಾಮಾನ್ಯ. ಅದು ಬೇಕಾಗುವುದು ಜನನ ನೋಂದಣಿಗೆ. ಮಗು ಹುಟ್ಟಿದ ಊರಲ್ಲೇ, 21 ದಿನದೊಳಗೆ ನೋಂದಣಿ ಆಗಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ವಿವರವನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ನಡುರಾತ್ರಿ ಕೌಂಟರಿನಲ್ಲಿ ನಿಂತ ಸೋದರಮಾವ ಬಾಯಲ್ಲಿ ಹೇಳಿದ ಹೆಸರು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಾದರೂ ಸಾಕು, ಮಗುವಿನ ಶಾಲೆಯ ತನಕ ಅದು ಕಾಡುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಹುಟ್ಟಿದ ತಾರೀಕಿನ ಆಧಾರ ಈ ಪ್ರಮಾಣಪತ್ರವೇ. ಆದ್ದರಿಂದ ಜೆರಾಕ್ಸ್ ಕೊಟ್ಟು, ಅದನ್ನು ನೋಡಿಯೇ ಬರೆಸಿ. ಮಗುವಿನ ಹೆಸರಿಗೆ ಅವಸರವಿಲ್ಲ. ಆ ಜಾಗ ಖಾಲಿ ಬಿಟ್ಟು, ತೊಟ್ಟಿಲ ಶಾಸ್ತ್ರವಾದ ಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ಅದಕ್ಕೆ ಶುಲ್ಕವೂ ಇಲ್ಲ.

ಇನ್ನು ಚೀಲ. ಎಂಟನೇ ತಿಂಗಳು ಮುಗಿಯುವಷ್ಟರಲ್ಲಿ ಅದು ಬಾಗಿಲ ಹತ್ತಿರ ಇರಲಿ. ಸಹಜ ಹೆರಿಗೆಯಾದರೂ ಎರಡು ದಿನ ಇರಿಸಿಕೊಳ್ಳುತ್ತಾರೆ, ಸಿಸೇರಿಯನ್ ಆದರೆ ಇನ್ನೂ ಹೆಚ್ಚು. ತಾಯಿಗೆ ಮುಂದೆ ಗುಂಡಿಯಿರುವ ಮೂರು ನೈಟಿ, ಸಡಿಲವಾದ ಒಳಉಡುಪು, ದೊಡ್ಡ ಪ್ಯಾಡಿನ ಎರಡು ಪ್ಯಾಕೆಟ್, ಟವೆಲ್, ಹಾಸಲು ಹೊದೆಯಲು, ಜಾರದ ಚಪ್ಪಲಿ, ಬಿಸಿನೀರಿನ ಫ್ಲಾಸ್ಕ್, ಫೋನ್ ಚಾರ್ಜರ್. ಉಂಗುರ, ಕಾಲುಂಗುರ ಮನೆಯಲ್ಲೇ ತೆಗೆದಿಡಿ. ಬೆರಳು ಊದಿದ ಮೇಲೆ ತೆಗೆಯುವುದು ಕಷ್ಟ. ಉಗುರಿನ ಬಣ್ಣವನ್ನೂ ಒರೆಸಿಬಿಡಿ, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕುವುದು ಬೆರಳ ತುದಿಗೇ.

ಮಗುವಿನ ಬಟ್ಟೆಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿಯ ಹೊಸ ಸೆಟ್ಟು ಬೇಡ. ಅಜ್ಜನ ಹಳೇ ಧೋತರವನ್ನೋ ಅವ್ವನ ನೂಲಿನ ಸೀರೆಯನ್ನೋ ಹರಿದು, ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿದ ಹತ್ತು ಹನ್ನೆರಡು ತುಂಡು ಇದ್ದರೆ ಅದಕ್ಕಿಂತ ಮೆತ್ತಗಿನದು ಇಲ್ಲ. ಅದರ ಜೊತೆ ಎರಡು ಕುಲಾಯಿ, ಎರಡು ಜೊತೆ ಕಾಲುಚೀಲ, ಒಂದು ಸಣ್ಣ ಕೌದಿ. ಎರಡು ದಪ್ಪ ಟವೆಲನ್ನು ಮಾತ್ರ ಬೇರೆ ಕವರಿನಲ್ಲಿ ಎಲ್ಲಕ್ಕೂ ಮೇಲಿಡಿ. ಹುಟ್ಟಿದ ಕೂಡಲೇ ಒಂದರಲ್ಲಿ ಮಗುವನ್ನು ಒರೆಸಿ, ಆ ಒದ್ದೆ ಟವೆಲ್ ತೆಗೆದು, ತಾಯಿಯ ಎದೆಯ ಮೇಲೆ ಮಲಗಿಸಿ ಇನ್ನೊಂದನ್ನು ಹೊದಿಸುತ್ತಾರೆ. ಎಳೆ ಮಗುವಿನ ಮೈ ತಣ್ಣಗಾಗಲು ಹೆಚ್ಚು ಹೊತ್ತು ಬೇಡ.

ಅಕ್ಕನ ಮಗುವಿನ ಬಟ್ಟೆ, ಹಳೇ ಕೌದಿ ಟ್ರಂಕಿನಿಂದ ತೆಗೆಯುವವರು ಮೂಸಿ ನೋಡಿ. ಡಾಂಬರು ಗುಳಿಗೆಯ ವಾಸನೆ ಇದ್ದರೆ ಆ ಬಟ್ಟೆ ಮಗುವಿನ ಹತ್ತಿರ ಬರಬಾರದು. ನಾಫ್ತಲಿನ್ ಇರುವ ಆ ಗುಳಿಗೆಯ ಆವಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ರಕ್ತಕಣ ಒಡೆದು ತೀವ್ರ ಕಾಮಾಲೆ ತರಬಹುದು. ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಮಗುವನ್ನು ನೋಡಿ ಹೇಳಲಾಗದು. ಚೀಲದಲ್ಲಿ ಜೇನುತುಪ್ಪ, ಬಾಟಲಿ, ಕಾಡಿಗೆ ಡಬ್ಬಿ ಬೇಡ. ಮೊದಲ ಗಂಟೆಯಲ್ಲೇ ತಾಯಿಯ ಗಿಣ್ಣುಹಾಲು ಸಿಕ್ಕರೆ ಮಗುವಿಗೆ ಬೇರೇನೂ ಬೇಕಿಲ್ಲ.

ಜನರ ಏರ್ಪಾಟಿನಲ್ಲಿ ನಮ್ಮ ಮನೆಗಳು ಎಡವುವುದು ಒಂದೇ ಕಡೆ. ಜೀಪು ತುಂಬ ಜನ ಬರುತ್ತಾರೆ, ಆದರೆ ಯಾರ ಕೆಲಸ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಮೂವರನ್ನು ಮೊದಲೇ ಗೊತ್ತುಮಾಡಿ. ಒಬ್ಬಳು ಬಸುರಿಯ ಪಕ್ಕ ಕೂರುವವಳು. ಸರ್ಕಾರಿ ಹೆರಿಗೆ ಕೋಣೆಯಲ್ಲೂ ಹೆತ್ತ ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಲು 2016ರಿಂದ ಕೇಂದ್ರದ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ರಕ್ತ ಕಂಡರೆ ತಲೆ ತಿರುಗುವ ಅವ್ವನಿಗಿಂತ ಗಟ್ಟಿ ಮನಸ್ಸಿನ ಚಿಕ್ಕಮ್ಮ ಇಲ್ಲಿ ವಾಸಿ. ಇನ್ನೊಬ್ಬ ಫೈಲು ಹಿಡಿದು ಓಡಾಡುವವನು. ಮೂರನೆಯವರು ಮನೆಯಲ್ಲೇ ಉಳಿದು ಬುತ್ತಿ, ದನಕರು ನೋಡಿಕೊಳ್ಳುವವರು.

ನಮ್ಮ ಉದಾಹರಣೆಯ ಮನೆಗೆ ನಾಲ್ಕನೆಯ ಏರ್ಪಾಟೂ ಬೇಕಿತ್ತು, ರಕ್ತ ಕೊಡುವವರು. ಓ ನೆಗೆಟಿವ್ ನಮ್ಮಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇರುವ ಗುಂಪು. ಅದೇ ಗುಂಪು ಒಡಹುಟ್ಟಿದವರಲ್ಲಿ ಸಿಗುವ ಸಂಭವ ಹೊರಗಿನವರಿಗಿಂತ ಹೆಚ್ಚು. ಅಣ್ಣಂದಿರಿಬ್ಬರೂ ಗುಂಪು ನೋಡಿಸಿಕೊಂಡರು, ಸಣ್ಣವನದು ಓ ನೆಗೆಟಿವ್ ಬಂತು. ತಂಗಿ ಹೆರುವ ತನಕ ಮೂರು ತಿಂಗಳು ಬೇರೆಲ್ಲೂ ರಕ್ತ ಕೊಡಬೇಡ, ಊರು ಬಿಟ್ಟು ಹೋಗಬೇಡ ಎಂದು ಅವನಿಗೆ ಹೇಳಿಟ್ಟರು. ತಾಲ್ಲೂಕು ಆಸ್ಪತ್ರೆಯಲ್ಲಿ 36ನೇ ವಾರಕ್ಕೆ ತೋರಿಸಿದಾಗ ಡಾಕ್ಟರು ಹಿಮೋಗ್ಲೋಬಿನ್ ನೋಡಿದರು. 8.4 ಇತ್ತು. ಅಪರೂಪದ ಗುಂಪು, ಮೇಲೆ ರಕ್ತವೂ ಕಡಿಮೆ. ಹೆರಿಗೆಯಲ್ಲಿ ರಕ್ತ ಹೋದರೆ ಇಲ್ಲಿಂದ ಸಾಗಿಸುವ ಹೊತ್ತಿಗೆ ತಡವಾಗುತ್ತದೆ, ರಕ್ತನಿಧಿ ಇರುವ ಜಿಲ್ಲಾಸ್ಪತ್ರೆಗೇ ಹೋಗಿ ಎಂದರು. ಕಬ್ಬಿಣದ ಇಂಜೆಕ್ಷನ್ ಕೊಟ್ಟರು. ಮನೆಯವರು ಮರುವಾರವೇ ಹಾವೇರಿಗೆ ಹೋಗಿ ಅಲ್ಲೊಮ್ಮೆ ತೋರಿಸಿ, ದಾರಿಗೆಷ್ಟು ಹೊತ್ತು, ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಎಂದು ನೋಡಿಕೊಂಡು ಬಂದರು. ಆಂಟಿ-ಡಿ ವಿಷಯ ಅಲ್ಲಿನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿದರು.

ಹೊರಡುವುದು ಯಾವಾಗ ಎಂಬುದೂ ದೂರದ ಮೇಲೆ ಬದಲಾಗುತ್ತದೆ. ಆಸ್ಪತ್ರೆ ಪಕ್ಕದಲ್ಲೇ ಇರುವ ಚೊಚ್ಚಲ ಬಸುರಿ ಐದು ನಿಮಿಷಕ್ಕೊಮ್ಮೆ ನೋವು ಬರುವ ತನಕ ಕಾಯಬಹುದು. ಒಂದೂವರೆ ಗಂಟೆಯ ದಾರಿ ಇದ್ದವರು ನೋವು ಒಂದೇ ಲಯಕ್ಕೆ ಬಂದ ಕೂಡಲೇ ಹೊರಡಬೇಕು. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೋವಿಗಾಗಿ ಕಾಯುವ ಮಾತೇ ಇಲ್ಲ. 108ಕ್ಕೆ ಫೋನ್ ಮಾಡಿ, ತಿಂಗಳು ಎಷ್ಟು, ಏನಾಗುತ್ತಿದೆ, ಊರು ಯಾವುದು, ಹತ್ತಿರದ ಗುಡಿಯೋ ಶಾಲೆಯೋ ಯಾವುದು ಎಂದು ಹೇಳಿ. ಆ ಗಾಡಿ ಬೇರೆಡೆ ಹೋಗಿರಬಹುದು, ಆದ್ದರಿಂದ ಊರಿನಲ್ಲಿ ಕಾರಿರುವ ಇಬ್ಬರಿಗೆ ಮೊದಲೇ ಹೇಳಿಡಿ. ಅವರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನವೂ ಉಚಿತ. ಆದರೂ ಎರಡು ಮೂರು ಸಾವಿರ ನಗದು ಕೈಯಲ್ಲಿರಲಿ. ನಡುರಾತ್ರಿ ಕಾರಿಗೆ, ಜೊತೆಯವರ ಊಟಕ್ಕೆ ಬೇಕಾಗುತ್ತದೆ.

ಮನೆಗೆ ಹೊರಡುವ ಮುಂಚೆ ಡಿಸ್ಚಾರ್ಜ್ ಚೀಟಿಯನ್ನು ಮಂಚದ ಮೇಲೇ ಕೂತು ಓದಿ. ಮಗುವಿನ ತೂಕ, ಹುಟ್ಟಿದ ಹೊತ್ತು, ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಹಾಕಿದ ತಾರೀಕು ಕಾರ್ಡಿನಲ್ಲಿ ಇವೆಯೇ ನೋಡಿ. ನೆಗೆಟಿವ್ ಗುಂಪಿನವರು ಮಗುವಿನ ಗುಂಪನ್ನೂ ಆಂಟಿ-ಡಿ ಕೊಟ್ಟ ಗಂಟೆಯನ್ನೂ ಬರೆಸಿಕೊಳ್ಳಿ, ಮುಂದಿನ ಬಸುರಿನಲ್ಲಿ ಮೊದಲು ಕೇಳುವುದು ಅದನ್ನೇ. ಅದೇ ದಿನ ತವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ಅವರ ಕೆಲಸ. ಬಾಣಂತಿ ಬೆಂಗಳೂರಿನವಳೆಂದು ಅವರ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಯಾರೂ ಬರುವುದಿಲ್ಲ.