ಬ್ರಾಕೆಟ್‌ಗೂ ಒಸಡಿಗೂ ನಡುವಿನ ಸಣ್ಣ ಪಟ್ಟಿ

ಹಲ್ಲಿಗೆ ಹಾಕಿದ ಕ್ಲಿಪ್ ಬಿಚ್ಚುವ ದಿನ ಎಲ್ಲರ ಕಣ್ಣೂ ಹಲ್ಲು ನೇರವಾಗಿದೆಯೇ ಎಂಬುದರ ಮೇಲೆ. ಒಂದೂವರೆ, ಎರಡು ವರ್ಷದ ಖರ್ಚು, ಆಸ್ಪತ್ರೆಗೆ ಮತ್ತೆ ಮತ್ತೆ ಓಡಾಟ, ತಂತಿ ಬಿಗಿ ಮಾಡಿದ ರಾತ್ರಿ ಅನ್ನವನ್ನೂ ಅಗಿಯಲಾಗದ ನೋವು, ಇವೆಲ್ಲ ಅದಕ್ಕಾಗಿಯೇ ತಾನೇ. ಆದರೆ ಕೆಲವರ ಬಾಯಲ್ಲಿ ಆ ದಿನ ಇನ್ನೊಂದು ಸಂಗತಿಯೂ ಕಾಣಿಸುತ್ತದೆ. ಬ್ರಾಕೆಟ್ ಅಂಟಿದ್ದ ಚೌಕ ಹಲ್ಲಿನ ಸಹಜ ಬಣ್ಣದಲ್ಲೇ ಉಳಿದಿರುತ್ತದೆ. ಅದರ ಸುತ್ತ, ಹೆಚ್ಚಾಗಿ ಒಸಡಿನ ಕಡೆಗೆ, ಸುಣ್ಣ ಬಳಿದಂಥ ಬಿಳಿ ಕಲೆ ಎದ್ದಿರುತ್ತದೆ. ಹಲ್ಲು ಸಾಲಾಗಿ ಕೂತಿದೆ, ಆದರೆ ನಕ್ಕಾಗ ಮೊದಲು ಕಾಣುವುದು ಕಲೆ.

ಈ ಕಲೆ ಅಂಟಿನಿಂದಲೋ ತಂತಿಯಿಂದಲೋ ಬಂದದ್ದಲ್ಲ. ಬ್ರಾಕೆಟ್‌ನ ಅಂಚಿಗೂ ಒಸಡಿಗೂ ನಡುವೆ ಎರಡು ಮೂರು ಮಿಲಿಮೀಟರ್ ಅಗಲದ ಪಟ್ಟಿಯಂಥ ಜಾಗವೊಂದು ಉಳಿಯುತ್ತದೆ. ದಿನವೂ ಹಲ್ಲುಜ್ಜಿದರೂ ಬ್ರಷ್ ಅಲ್ಲಿಗೆ ಮುಟ್ಟದೆ ಹೋದರೆ ಕಲೆ ಬೀಳುವುದು ಅಲ್ಲೇ. ಕ್ಲಿಪ್ ಹಾಕಿದ ದಿನ ಕೈಗೆ ಕೊಡುವ ಸೂಚನಾ ಪತ್ರಗಳಲ್ಲಿ ‘ಚೆನ್ನಾಗಿ ಹಲ್ಲುಜ್ಜಿ’ ಎಂಬ ಸಾಲು ಇದ್ದೇ ಇರುತ್ತದೆ. ಚೆನ್ನಾಗಿ ಎಂದರೆ ಎಲ್ಲಿ, ಹೇಗೆ ಎಂಬುದನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಬಾಯಲ್ಲಿ ಏನೇನು ಕೂತಿದೆ ಎಂದು ಮೊದಲು ನೋಡೋಣ. ಪ್ರತಿ ಹಲ್ಲಿನ ಮುಂಭಾಗಕ್ಕೆ ಅಂಟಿಸಿದ ಸಣ್ಣ ಚೌಕವೇ ಬ್ರಾಕೆಟ್. ಎಲ್ಲ ಬ್ರಾಕೆಟ್‌ಗಳ ಮೂಲಕ ಹಾದುಹೋಗುವ ತಂತಿಯೇ ಹಲ್ಲನ್ನು ಜರುಗಿಸುವುದು. ತಂತಿ ಜಾರದಂತೆ ಹಿಡಿಯಲು ಪುಟ್ಟ ರಬ್ಬರ್ ಬಳೆ ಅಥವಾ ತೆಳು ತಂತಿಯ ಕಟ್ಟು ಇರುತ್ತದೆ. ಹಿಂದಿನ ದವಡೆ ಹಲ್ಲಿಗೆ ಕೆಲವೊಮ್ಮೆ ಸುತ್ತಲೂ ಲೋಹದ ಪಟ್ಟಿ ತೊಡಿಸಿರುತ್ತಾರೆ. ಸಾಮಾನ್ಯವಾಗಿ ನಾಲಿಗೆ, ತುಟಿ, ಕೆನ್ನೆ ಮತ್ತು ಜೊಲ್ಲು ಹಲ್ಲಿನ ಮೇಲೆ ಓಡಾಡಿ ಒಂದಿಷ್ಟು ಕೊಳೆಯನ್ನು ತಾವೇ ತೊಳೆದುಬಿಡುತ್ತವೆ. ಇಷ್ಟೆಲ್ಲ ಮೂಲೆಗಳು ಹುಟ್ಟಿಕೊಂಡ ಮೇಲೆ ಆ ಸಹಾಯ ಕಡಿಮೆಯಾಗುತ್ತದೆ, ಪಾಚಿ ನೆಲೆಯಾಗಿ ಕೂರುತ್ತದೆ. ಡಾಕ್ಟರು ಪ್ಲಾಕ್ ಎನ್ನುವುದು ಇದನ್ನೇ. ಇದು ಬರೀ ಆಹಾರದ ಚೂರಲ್ಲ, ಬ್ಯಾಕ್ಟೀರಿಯಾಗಳು ಅಂಟಂಟಾಗಿ ಕಟ್ಟಿಕೊಂಡ ಪದರ. ಬಾಯಿ ಮುಕ್ಕಳಿಸಿದರೆ ಚೂರು ಹೋದೀತು, ಪದರ ಹೋಗದು. ಅದನ್ನು ಉಜ್ಜಿಯೇ ತೆಗೆಯಬೇಕು.

ಆ ಪದರದ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಉಂಟುಮಾಡುತ್ತವೆ. ಆಮ್ಲವು ಹಲ್ಲಿನ ಹೊರಪದರವಾದ ಎನಾಮಲ್‌ನಿಂದ ಖನಿಜವನ್ನು ಕರಗಿಸುತ್ತದೆ. ಜೊಲ್ಲು ಆ ಆಮ್ಲವನ್ನು ತಣಿಸಿ ಹೋದ ಖನಿಜವನ್ನು ಒಂದಿಷ್ಟು ಮರಳಿ ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮತ್ತೊಂದು ಸಿಹಿ ಬಾಯಿಗೆ ಬಿದ್ದರೆ ಲೆಕ್ಕ ಮೊದಲಿನಿಂದ ಶುರು. ಕಳೆದುಕೊಂಡದ್ದು ಪಡೆದದ್ದಕ್ಕಿಂತ ಹೆಚ್ಚಾಗುತ್ತಾ ಹೋದಾಗ ಎನಾಮಲ್ ಒಳಗೊಳಗೇ ಸೂಕ್ಷ್ಮ ರಂಧ್ರಗಳಿಂದ ತುಂಬಿ ಹೊಳಪು ಕಳೆದುಕೊಂಡು ಬೆಳ್ಳಗಾಗುತ್ತದೆ. ಫ್ಲೋರೈಡ್ ಇಲ್ಲದೆ, ಪಾಚಿ ಹಾಗೆಯೇ ಉಳಿದರೆ ಇದಕ್ಕೆ ನಾಲ್ಕು ವಾರ ಸಾಕು. ಅಂದರೆ ಒಂದು ಭೇಟಿಯಿಂದ ಮುಂದಿನ ಭೇಟಿಯೊಳಗೆ ಕಲೆ ಮೂಡಿಬಿಡಬಹುದು.

ಒಸಡಿನ ಕಥೆ ಇನ್ನೂ ಬೇಗ ನಡೆಯುತ್ತದೆ. 1965ರಲ್ಲಿ ಹರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಆರೋಗ್ಯವಂತ ಒಸಡಿನ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದ್ದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಹಲ್ಲುಜ್ಜಲು ಶುರುಮಾಡಿದ ಮೇಲೆ ಒಸಡು ಮೊದಲಿನಂತಾಯಿತು. ಕ್ಲಿಪ್ ಹಾಕಿಕೊಂಡವರಿಗೆ ಇದರಲ್ಲಿ ಎಚ್ಚರಿಕೆಯೂ ಇದೆ, ಸಮಾಧಾನವೂ ಇದೆ. ಉಬ್ಬಿದ ಒಸಡು ಬಹುತೇಕ ಸರಿಹೋಗುತ್ತದೆ. ಎನಾಮಲ್‌ನ ಬಿಳಿ ಕಲೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಈಗ ಹಲ್ಲುಜ್ಜುವ ಕ್ರಮಕ್ಕೆ ಬರೋಣ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತಪ್ಪದೆ ಉಜ್ಜುತ್ತಾಳೆ. ಆದರೂ ಮೇಲಿನ ಸಾಲಿನಲ್ಲಿ, ಮುಂದಿನ ಎರಡು ದೊಡ್ಡ ಹಲ್ಲುಗಳ ಅಕ್ಕಪಕ್ಕದ ಹಲ್ಲುಗಳ ಒಸಡು ಕೆಂಪಾಗಿ ಊದಿದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಅವಳು ಉಜ್ಜುವುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಬ್ರಷ್ಷನ್ನು ನೇರವಾಗಿ ಬ್ರಾಕೆಟ್‌ಗಳ ಮೇಲಿಟ್ಟು ಅಡ್ಡಡ್ಡ ಎಳೆಯುತ್ತಾಳೆ. ಎಳೆಗಳು ಬ್ರಾಕೆಟ್‌ನ ನೆತ್ತಿಗೆ ತಾಗಿ ಅಲ್ಲೇ ನಿಲ್ಲುತ್ತವೆ, ಅದರ ಹಿಂದಿನ ಪಟ್ಟಿಗೆ ಇಳಿಯುವುದೇ ಇಲ್ಲ. ರಕ್ತ ಕಂಡ ಮೇಲೆ ಹೆದರಿ ಆ ಜಾಗವನ್ನು ಪೂರ್ತಿ ಬಿಟ್ಟುಬಿಟ್ಟಿದ್ದಾಳೆ, ಹಾಗಾಗಿ ಊತ ಇನ್ನೂ ಏರಿದೆ. ಊದಿದ ಒಸಡು ಬ್ರಾಕೆಟ್ ಕಡೆಗೆ ಇಳಿದು ಪಟ್ಟಿಯನ್ನೇ ಮುಚ್ಚಲು ತೊಡಗಿದೆ.

ಅವಳು ಬದಲಿಸಬೇಕಾದದ್ದು ಬ್ರಷ್ ಹಿಡಿಯುವ ಓರೆಯನ್ನು. ತಲೆ ಚಿಕ್ಕದಾಗಿರುವ, ಎಳೆ ಮೃದುವಾಗಿರುವ ಸಾಮಾನ್ಯ ಬ್ರಷ್ ಸಾಕು. ಮೊದಲು ಎಳೆಗಳು ಒಸಡಿನ ಕಡೆಗೆ ಓರೆಯಾಗಿ, ಅರ್ಧ ಒಸಡಿನ ಮೇಲೆ ಅರ್ಧ ಹಲ್ಲಿನ ಮೇಲೆ ಕೂರುವಂತೆ ಇಡಬೇಕು. ಅಲ್ಲೇ ಹಗುರವಾಗಿ, ಸಣ್ಣ ಸಣ್ಣದಾಗಿ ಅಲುಗಿಸುತ್ತಾ ಹತ್ತು ಎಣಿಸಿ, ಮುಂದಿನ ಎರಡು ಹಲ್ಲುಗಳಿಗೆ ಸರಿಯಬೇಕು. ಆಮೇಲೆ ಬ್ರಷ್ಷನ್ನು ತಿರುಗಿಸಿ, ಹಲ್ಲು ಕಚ್ಚುವ ಅಂಚಿನ ಕಡೆಯಿಂದ ಬ್ರಾಕೆಟ್‌ನ ಇನ್ನೊಂದು ಬದಿಗೆ ಎಳೆ ತೂರಿಸಿ ಅದೇ ರೀತಿ ಉಜ್ಜಬೇಕು. ಬ್ರಾಕೆಟ್‌ನ ಮುಖವನ್ನು ನೇರವಾಗಿ ಉಜ್ಜುವುದು ಮೂರನೆಯದು. ಕೊನೆಗೆ ಅಗಿಯುವ ಮೇಲ್ಮೈ ಮತ್ತು ನಾಲಿಗೆಯ ಕಡೆಯ ಬದಿ. ಬಲಗೈಯಲ್ಲಿ ಉಜ್ಜುವವರು ಬಲಗಡೆಯ ಕೋರೆಹಲ್ಲಿನ ತಿರುವಿನಲ್ಲಿ ಸ್ವಲ್ಪ ನಿಲ್ಲಬೇಕು. ಕೈ ತಿರುಗಿಸುವ ಗಡಿಬಿಡಿಯಲ್ಲಿ ಆ ಹಲ್ಲು ತಪ್ಪಿಹೋಗುವುದು ಸಾಮಾನ್ಯ. ಇಷ್ಟಕ್ಕೆ ನಾಲ್ಕೈದು ನಿಮಿಷ ಬೇಕೇ ಬೇಕು.

ಆದರೂ ಬ್ರಷ್ ಮುಟ್ಟದ ಒಂದು ಜಾಗ ಉಳಿಯುತ್ತದೆ. ಅದು ತಂತಿಯ ಹಿಂದೆ, ಎರಡು ಬ್ರಾಕೆಟ್‌ಗಳ ನಡುವೆ. ಅದಕ್ಕೆಂದೇ ಕೋನಾಕಾರದ ಪುಟ್ಟ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಇಂಟರ್‌ಡೆಂಟಲ್ ಬ್ರಷ್ ಎಂದು ಕೇಳಿದರಾಯಿತು. ತಂತಿಯ ಕೆಳಗಿಂದ ಮೇಲಕ್ಕೆ ತೂರಿಸಿ ಬ್ರಾಕೆಟ್‌ನ ಎರಡೂ ಬದಿಗಳನ್ನು ನಾಲ್ಕಾರು ಬಾರಿ ಉಜ್ಜಿದರೆ ಸಾಕು. ಸಲೀಸಾಗಿ ಹೋಗುವ ಅಳತೆಯದ್ದನ್ನೇ ಕೊಳ್ಳಬೇಕು, ಬಲವಂತವಾಗಿ ತುರುಕಬಾರದು. ರಾತ್ರಿಯ ಹೊತ್ತಾದರೂ ಇದನ್ನು ತಪ್ಪಿಸಬೇಡಿ. ನೀರು ಚಿಮ್ಮಿಸುವ ಯಂತ್ರ ಇದ್ದವರು ಬಳಸಲಿ, ಸಿಕ್ಕಿಕೊಂಡ ಚೂರುಗಳನ್ನು ಅದು ಹೊರಹಾಕುತ್ತದೆ. ಆದರೆ ಅಂಟಿದ ಪದರದ ವಿಷಯದಲ್ಲಿ ಅದು ಬ್ರಷ್ಷಿಗೆ ಬದಲಿಯಲ್ಲ.

ಪೇಸ್ಟ್ ಬಗ್ಗೆ ಒಂದೇ ಮಾತು: ಫ್ಲೋರೈಡ್ ಇರುವುದನ್ನು ಆರಿಸಿ. ಇದ್ದಿಲು ಪುಡಿ, ಉಪ್ಪು, ಒರಟು ಹಲ್ಲುಪುಡಿ ಎನಾಮಲ್ಲನ್ನು ಸವೆಸಬಲ್ಲವು, ಖನಿಜ ಮರಳಿ ತುಂಬಲು ನೆರವಾಗುವುದು ಫ್ಲೋರೈಡ್. ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ನಮ್ಮ ಮನೆಗಳಲ್ಲಿ ಇದು ಒಗ್ಗದ ಅಭ್ಯಾಸ ಎಂದು ಗೊತ್ತು. ಆದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಮುಕ್ಕಳಿಸಿದ ನೀರಿನ ಜೊತೆ ಹೊರಟುಹೋಗುತ್ತದೆ. ಡಾಕ್ಟರು ಫ್ಲೋರೈಡ್ ಮೌತ್‌ವಾಶ್ ಬರೆದುಕೊಟ್ಟಿದ್ದರೆ ಅದನ್ನು ಹಲ್ಲುಜ್ಜಿದ ಕೂಡಲೇ ಬಳಸದೆ ಮಧ್ಯಾಹ್ನದಂಥ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಕೋಲಾರದಂಥ ಕಡೆಯವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಅಲ್ಲಿ ಬಾಲ್ಯದಿಂದಲೇ ಹಲ್ಲಿನಲ್ಲಿ ಬಿಳಿ ಛಾಯೆ ಇರಬಹುದು. ಕ್ಲಿಪ್ ಹಾಕುವ ಮುಂಚೆ ಒಂದು ಫೋಟೊ ತೆಗೆಸಿಟ್ಟರೆ ಹಳೆಯ ಕಲೆ ಯಾವುದು, ಹೊಸತು ಯಾವುದು ಎಂಬ ಗೊಂದಲ ಬರುವುದಿಲ್ಲ.

ತಿನ್ನುವ ವಿಷಯಕ್ಕೆ ಬಂದರೆ ಹಬ್ಬದ ದಿನದ ಒಂದು ಹೋಳಿಗೆಗಿಂತ ಹೆಚ್ಚು ಕೆಡಿಸುವುದು ದಿನಕ್ಕೆ ಆರು ಸಲದ ಚಿಲ್ಲರೆ ಸಿಹಿ. ನಮ್ಮ ಹುಡುಗಿ ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು, ಬಸ್ಸಿನಲ್ಲಿ ಚಾಕೊಲೇಟ್, ಬಿಡುವಿನಲ್ಲಿ ಬಿಸ್ಕತ್ತು, ಸಂಜೆ ಜ್ಯೂಸ್, ಟ್ಯೂಷನ್ನಿನಲ್ಲಿ ಮತ್ತೊಂದು ಚಾಕೊಲೇಟ್ ಎಂದು ಹಂಚಿಕೊಂಡು ತಿಂದರೆ ಅವಳ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗದು. ಅದೇ ಚಾಕೊಲೇಟನ್ನು ಊಟದ ಜೊತೆ ಮುಗಿಸಿದರೆ ದಾಳಿಗಳು ಅರ್ಧಕ್ಕರ್ಧ ಇಳಿಯುತ್ತವೆ. ಚಿಕ್ಕಿ, ಚಕ್ಕುಲಿ, ನಿಪ್ಪಟ್ಟು, ಕಬ್ಬು, ಜೋಳದ ತೆನೆ ಬೇಡವೆನ್ನುವುದು ಬೇರೆ ಕಾರಣಕ್ಕೆ: ಗಟ್ಟಿ ಪದಾರ್ಥ ಬ್ರಾಕೆಟ್ಟನ್ನು ಕಿತ್ತುಹಾಕುತ್ತದೆ. ಸೀಬೆ, ಸೇಬು ಹೆಚ್ಚಿಕೊಂಡು ತಿನ್ನಬಹುದು.

ಸರಿಯಾಗಿ ಉಜ್ಜಿದ್ದೇವೆಯೇ ಎಂದು ತಿಳಿಯುವುದು ಕಷ್ಟವಲ್ಲ. ಕನ್ನಡಿಯ ಮುಂದೆ ಒಳ್ಳೆಯ ಬೆಳಕಿನಲ್ಲಿ ತುಟಿ ಎತ್ತಿ ನೋಡಿ. ಸ್ವಚ್ಛವಾದ ಬ್ರಾಕೆಟ್‌ನ ಅಂಚುಗಳು ಚೂಪಾಗಿ ಕಾಣುತ್ತವೆ, ಲೋಹದ್ದಾದರೆ ಹೊಳೆಯುತ್ತದೆ. ಅಂಚು ಮಸುಕಾಗಿ, ಮೆತ್ತಗಿನ ಹಳದಿ ಪದರ ಕಂಡರೆ ಪಾಚಿ ಉಳಿದಿದೆ. ಪಾಚಿಗೆ ಮಾತ್ರ ಬಣ್ಣ ಹತ್ತಿಸುವ ಮಾತ್ರೆಯೂ ಸಿಗುತ್ತದೆ. ಅದನ್ನು ಅಗಿದು ಉಗುಳಿದರೆ ತಪ್ಪಿದ ಜಾಗ ಎದ್ದು ಕಾಣುತ್ತದೆ. ವಾರಕ್ಕೊಮ್ಮೆ ಹೀಗೆ ನೋಡಿದರೆ ಕೈ ಬೇಗ ಪಳಗುತ್ತದೆ.

ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬಾರದು. ಮೃದುವಾಗಿ ಅದೇ ಜಾಗವನ್ನು ಉಜ್ಜುತ್ತಾ ಹೋದರೆ ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು. ಆಗದಿದ್ದರೆ, ಒಸಡು ಬ್ರಾಕೆಟ್ ಮೇಲೆ ಹತ್ತಿಬಂದಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ. ದವಡೆ ಹಲ್ಲಿನ ಪಟ್ಟಿ ಅಲ್ಲಾಡುತ್ತಿದ್ದರೆ, ಅಲ್ಲಿಂದ ಕೆಟ್ಟ ವಾಸನೆಯೋ ರುಚಿಯೋ ಬರುತ್ತಿದ್ದರೆ ಅದೂ ತುರ್ತಿನ ಮಾತೇ. ಪಟ್ಟಿಯಡಿಯ ಸಿಮೆಂಟ್ ಬಿಟ್ಟುಹೋಗಿ ಕಣ್ಣಿಗೆ ಕಾಣದಂತೆ ಹುಳುಕು ಹಿಡಿಯುತ್ತದೆ. ಊತಕ್ಕೆಂದು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ನೀವೇ ತಂದು ತಿಂಗಳುಗಟ್ಟಲೆ ಬಳಸಬೇಡಿ, ಅದು ಹಲ್ಲಿಗೆ ಕಂದು ಬಣ್ಣ ಹಿಡಿಸುತ್ತದೆ.

ಕ್ಲಿಪ್ ತೆಗೆದ ಮೇಲೆ ಮೊದಲ ಕೆಲವು ತಿಂಗಳಲ್ಲಿ ಬಿಳಿ ಕಲೆ ಸ್ವಲ್ಪ ಮಾಸುವುದುಂಟು. ಉಳಿದದ್ದನ್ನು ಮರೆಮಾಡಲು ರೆಸಿನ್ ತುಂಬಿಸುವಂಥ ಚಿಕಿತ್ಸೆಗಳಿವೆ. ಅದಕ್ಕೆ ಮತ್ತೆ ಖರ್ಚು, ಪೂರ್ತಿ ಹೋಗುತ್ತದೆಂಬ ಭರವಸೆಯೂ ಇಲ್ಲ. ಸ್ವಚ್ಛತೆ ತೀರಾ ಕೆಟ್ಟಿದ್ದರೆ ಚಿಕಿತ್ಸೆ ಮುಗಿಯುವ ಮೊದಲೇ ಡಾಕ್ಟರು ತಂತಿ ಬಿಚ್ಚಿಬಿಡುವುದೂ ಉಂಟು. ಮಕ್ಕಳಿಗೆ ಕ್ಲಿಪ್ ಹಾಕಿಸಿರುವ ತಂದೆ ತಾಯಂದಿರು ಇವತ್ತು ರಾತ್ರಿ ಅವರು ಹಲ್ಲುಜ್ಜಿ ಬಂದ ಮೇಲೆ ಒಮ್ಮೆ ಟಾರ್ಚ್ ಹಿಡಿದು ಮೇಲ್ದುಟಿ ಎತ್ತಿ, ಒಸಡಿಗೂ ಬ್ರಾಕೆಟ್‌ಗೂ ನಡುವೆ ಪಾಚಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಬೈಯಬೇಡಿ, ಬ್ರಷ್ಷನ್ನು ಓರೆಯಾಗಿ ಹೇಗಿಡಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿಕೊಡಿ.