ಕಗ್ಗದ ಬೀಜ ಉಳಿಯುವುದೆಲ್ಲಿ: ಶೀತಕೋಣೆಯಲ್ಲೋ, ಗಜನಿಯಲ್ಲೋ?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ಬಳಿ ಅಘನಾಶಿನಿ ನದಿ ಸಮುದ್ರ ಸೇರುವೆಡೆ ಗಜನಿ ಎಂಬ ತಗ್ಗು ಗದ್ದೆಗಳಿವೆ. ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಮಳೆಗಾಲದಲ್ಲಿ ಬೆಳೆಯುವ ನಾಡತಳಿ ಭತ್ತವೇ ಕಗ್ಗ. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರ ಹಾಕುವ ರೂಢಿ ಇಲ್ಲ. ಪೈರು ಎತ್ತರವಾಗಿ ಬೆಳೆದು ನೆರೆಯ ನೀರನ್ನೂ ಸ್ವಲ್ಪಮಟ್ಟಿನ ಉಪ್ಪನ್ನೂ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯ ಭಾಗವನ್ನಷ್ಟೇ ಕೊಯ್ದು ಉದ್ದ ಕೂಳೆಯನ್ನು ಬಿಡುತ್ತಾರೆ. ಬಳಿಕ ತೂಬು ತೆಗೆದಾಗ ಒಳಬರುವ ಮೀನು, ಸಿಗಡಿಗಳಿಗೆ ಆ ಕೂಳೆ ಕೊಳೆತು ಆಹಾರವಾಗುತ್ತದೆ.

ಸಿಗಡಿ ಸಾಕಣೆಯ ಲಾಭ ಹೆಚ್ಚಿದಂತೆ ಅನೇಕ ಗಜನಿಗಳಲ್ಲಿ ಭತ್ತ ನಿಂತುಹೋಯಿತು. ಇಂತಹ ತಳಿಯನ್ನು ಉಳಿಸಲು ಎರಡು ದಾರಿಗಳಿವೆ. ಬೀಜವನ್ನು ನೆಲದಿಂದ ತೆಗೆದು ಜೀನ್ ಬ್ಯಾಂಕಿನಲ್ಲಿ ಕಾಪಾಡುವುದು ಎಕ್ಸ್ ಸಿಟು ವಿಧಾನ. ಬೆಳೆಯುವ ನೆಲದಲ್ಲಿಯೇ ರೈತರ ಕೈಯಲ್ಲಿ ಮುಂದುವರಿಸುವುದು ಇನ್ ಸಿಟು ವಿಧಾನ. ಒಂದೇ ತಳಿ ಈ ಎರಡು ದಾರಿಗಳಲ್ಲಿ ಹೋದಾಗ ಏನಾಗುತ್ತದೆ ಎಂಬುದನ್ನು ಕ್ರಮವಾಗಿ ಪರಿಶೀಲಿಸಬಹುದು.

ಎಷ್ಟು ತೆನೆ ಆರಿಸಬೇಕು?

ಕಗ್ಗವು ಶುದ್ಧ ತಳಿಯಲ್ಲ. ನಾಡತಳಿಯೆಂದರೆ ತಕ್ಕಮಟ್ಟಿಗೆ ಒಂದನ್ನೊಂದು ಹೋಲುವ, ಆದರೆ ಒಂದೇ ಆಗಿರದ ಅನೇಕ ಬಗೆಗಳ ಮಿಶ್ರಣ. ಭತ್ತದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದ್ದರಿಂದ ಪ್ರತಿಯೊಂದು ಗಿಡದ ಸಂತತಿಯೂ ಬಹುಪಾಲು ತನ್ನ ಗುಣವನ್ನೇ ಉಳಿಸಿಕೊಳ್ಳುತ್ತದೆ. ಆದುದರಿಂದ ಯಾವ ಗಿಡಗಳನ್ನು ಆರಿಸಲಾಯಿತು ಎಂಬುದರ ಮೇಲೆ ಬ್ಯಾಂಕಿಗೆ ಏನು ಸೇರಿತು ಎಂಬುದು ನಿಲ್ಲುತ್ತದೆ.

ಉದಾಹರಣೆಗೆ, ಗದ್ದೆಯ ನೂರು ಗಿಡಗಳಲ್ಲಿ ಒಂದು ಮಾತ್ರ ಉಪ್ಪನ್ನು ಚೆನ್ನಾಗಿ ತಡೆಯುವ ಬಗೆಯೆಂದು ಇಟ್ಟುಕೊಳ್ಳೋಣ. ಬೇರೆ ಬೇರೆ ಗಿಡಗಳಿಂದ 20 ತೆನೆ ಆರಿಸಿದರೆ ಆ ಬಗೆ ತಪ್ಪಿಹೋಗುವ ಸಂಭವ ಶೇಕಡ 82. ತೆನೆಗಳನ್ನು 300ಕ್ಕೆ ಏರಿಸಿದರೆ ಈ ಸಂಭವ ಶೇಕಡ 5ಕ್ಕೆ ಇಳಿಯುತ್ತದೆ. ಇಪ್ಪತ್ತರಲ್ಲಿ ಒಂದರಂತೆ ಇರುವ ಬಗೆಯಾದರೆ 60 ತೆನೆಗಳೇ ಅಷ್ಟು ಭರವಸೆ ಕೊಡುತ್ತವೆ. ದಪ್ಪ ತೆನೆಗಳನ್ನೇ ನೋಡಿ ಆರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಗದ್ದೆಯ ಎಲ್ಲ ಭಾಗಗಳಿಂದಲೂ, ಅದರಲ್ಲೂ ಉಪ್ಪು ಹೆಚ್ಚಿರುವ ತಗ್ಗಿನಿಂದಲೂ, ಭೇದವಿಲ್ಲದೆ ಆರಿಸಬೇಕು.

ಶೀತಕೋಣೆಯೊಳಗೆ

ಬಂದ ಬೀಜವನ್ನು ಹಸನು ಮಾಡಿ, ಮೊಳೆಯುವ ಶಕ್ತಿಯನ್ನು ಪರೀಕ್ಷಿಸುತ್ತಾರೆ. ಅದು ಸಾಮಾನ್ಯವಾಗಿ ಶೇಕಡ 85ಕ್ಕಿಂತ ಹೆಚ್ಚಿರಬೇಕು. ಅನಂತರ ತಂಪಾದ, ಒಣ ಗಾಳಿಯ ಕೋಣೆಯಲ್ಲಿ ನಿಧಾನವಾಗಿ ಒಣಗಿಸಿ, ತೇವಾಂಶ ಇಳಿದ ಮೇಲೆ ಗಾಳಿಯಾಡದ ಅಲ್ಯೂಮಿನಿಯಂ ಪೊಟ್ಟಣದಲ್ಲಿ ಮುಚ್ಚುತ್ತಾರೆ. ದೀರ್ಘಕಾಲದ ದಾಸ್ತಾನು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿರುತ್ತದೆ.

ಇಲ್ಲಿ ಶೀತಕ್ಕಿಂತ ಒಣಗಿಸುವ ಕೆಲಸವೇ ಮೊದಲು. ಸ್ಥೂಲ ಲೆಕ್ಕದಲ್ಲಿ ಬೀಜದ ತೇವಾಂಶ ಶೇಕಡ 1ರಷ್ಟು ಇಳಿದಾಗಲೆಲ್ಲ ಅದರ ಆಯುಸ್ಸು ಇಮ್ಮಡಿಯಾಗುತ್ತದೆ. ಮನೆಯ ಪಣತದಲ್ಲಿ ಶೇಕಡ 13 ತೇವವಿರುವ ಭತ್ತವನ್ನು 7ಕ್ಕೆ ಇಳಿಸಿದರೆ ಆಯುಸ್ಸು 64 ಪಟ್ಟು ಹೆಚ್ಚಿದಂತಾಯಿತು. ತೇವವಿರುವ ಬೀಜವನ್ನು ಹಾಗೆಯೇ ಅತಿಶೀತದಲ್ಲಿ ಇಟ್ಟರೆ ಒಳಗೆ ಮಂಜುಗಡ್ಡೆಯಾಗಿ ಭ್ರೂಣ ಸಾಯಬಹುದು.

ಪೊಟ್ಟಣ ಒಂದೇ ಊರಿನಲ್ಲಿದ್ದರೆ ಸಾಲದು. ಸಿರಿಯಾದ ಅಲೆಪ್ಪೊ ಬಳಿ ಇದ್ದ ಇಕಾರ್ಡಾ ಸಂಸ್ಥೆಯ ಬ್ಯಾಂಕು ಯುದ್ಧದಿಂದಾಗಿ ಕೈಗೆಟುಕದಂತಾದಾಗ, ನಾರ್ವೆಯ ಸ್ವಾಲ್‌ಬಾರ್ಡ್ ಬೀಜಭಂಡಾರದಲ್ಲಿಟ್ಟಿದ್ದ ಪ್ರತಿಗಳನ್ನು 2015ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಅವನ್ನು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಬೆಳೆಸಿ ವೃದ್ಧಿಪಡಿಸಿದರು.

ಬ್ಯಾಂಕಿನಲ್ಲಿ ತಪ್ಪುವುದೆಲ್ಲಿ?

ಶೀತದಲ್ಲಿಯೂ ಬೀಜ ಮುಪ್ಪಾಗುತ್ತದೆ. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಮೊಳಕೆ ಪರೀಕ್ಷೆ ನಡೆಸಿ, ಶಕ್ತಿ ಕುಂದಿದಾಗ ಬಿತ್ತಿ ಹೊಸ ಬೀಜ ಪಡೆಯಬೇಕು. ಅಪಾಯವಿರುವುದು ಈ ಪುನರುತ್ಪಾದನೆಯ ಹಂತದಲ್ಲಿಯೇ. ಕಗ್ಗವನ್ನು ಸಿಹಿನೀರಿನ, ಗೊಬ್ಬರ ಹಾಕಿದ ತಾಕಿನಲ್ಲಿ ಬೆಳೆಸಿದರೆ ಅಲ್ಲಿ ಹೆಚ್ಚು ತೆನೆ ಬಿಡುವ ಬಗೆಯ ಬೀಜವೇ ರಾಶಿಯಲ್ಲಿ ಹೆಚ್ಚಾಗುತ್ತದೆ. ಉಪ್ಪು ತಡೆಯುವ ಬಗೆಗೆ ಅಲ್ಲಿ ಯಾವ ಅನುಕೂಲವೂ ಇಲ್ಲ. ಎರಡು ಮೂರು ಬಾರಿ ಹೀಗಾದರೆ ಪೊಟ್ಟಣದ ಮೇಲಿನ ಹೆಸರು ಕಗ್ಗವಾಗಿಯೇ ಉಳಿದು, ಒಳಗಿನ ಮಿಶ್ರಣ ಬದಲಾಗಿರುತ್ತದೆ. ಇದನ್ನು ತಡೆಯಲು ಹೆಚ್ಚು ಗಿಡ ಬೆಳೆಸಿ, ಪ್ರತಿ ಗಿಡದಿಂದಲೂ ಸಮ ಪ್ರಮಾಣದ ಬೀಜ ತೆಗೆದು ಬೆರೆಸುತ್ತಾರೆ. ಹಳೆಯ ಮತ್ತು ಹೊಸ ಬೀಜವನ್ನು ಪಕ್ಕಪಕ್ಕದಲ್ಲಿ ಬಿತ್ತಿ ಹೂ ಬಿಡುವ ದಿನ, ಎತ್ತರ, ಮೀಸೆ, ಹೊಟ್ಟು ಮತ್ತು ಅಕ್ಕಿಯ ಬಣ್ಣಗಳನ್ನು ಹೋಲಿಸಿದರೆ ದೊಡ್ಡ ಬದಲಾವಣೆ ಗೊತ್ತಾಗುತ್ತದೆ.

ಗಜನಿಯಲ್ಲಿ ಉಳಿದ ಕಗ್ಗ

ಗಜನಿಯಲ್ಲಿ ಆಯ್ಕೆ ಮಾಡುವುದು ಉಪ್ಪು, ನೆರೆ ಮತ್ತು ರೈತನ ಕೈ. ಮಳೆ ಕೈಕೊಟ್ಟ ವರ್ಷ ಉಪ್ಪು ಮೇಲೆದ್ದು ದುರ್ಬಲ ಗಿಡಗಳು ಸಾಯುತ್ತವೆ, ತಾಳಿದವುಗಳ ಬೀಜ ಮುಂದಿನ ವರ್ಷಕ್ಕೆ ಬರುತ್ತದೆ. ಯಾವ ಶೀತಕೋಣೆಯೂ ಈ ಕೆಲಸ ಮಾಡಲಾರದು. ತೂಬಿನ ನಿರ್ವಹಣೆ, ಎರಚುವ ಹದ, ಕೂಳೆ ಬಿಡುವ ಕ್ರಮ ಮುಂತಾದ ತಿಳಿವಳಿಕೆಯೂ ಬೀಜದೊಡನೆ ಉಳಿಯುತ್ತದೆ.

ಆದರೆ ಈ ವಿಧಾನಕ್ಕೂ ಮಿತಿಯುಂಟು. ಏರಿ ಒಡೆದು ಉಪ್ಪುನೀರು ನುಗ್ಗಿದ ಒಂದೇ ವರ್ಷದಲ್ಲಿ ಊರಿನ ಬೀಜವೆಲ್ಲ ಹೋಗಬಹುದು. ನೆರೆಹೊರೆಯವರು ಭತ್ತ ಬಿಟ್ಟಾಗ ಉಳಿದ ಒಂದೆರಡು ಗದ್ದೆಗಳಿಗೆ ಹಕ್ಕಿಗಳೆಲ್ಲ ಎರಗುತ್ತವೆ. ಏರಿ, ತೂಬುಗಳು ಊರಿನವರಿಗೆಲ್ಲ ಸೇರಿದವಾದ್ದರಿಂದ ಒಬ್ಬನ ಹಟದಿಂದ ತಳಿ ಉಳಿಯದು. ಪ್ರತಿವರ್ಷವೂ ಒಳ್ಳೆಯ ಮೇಲುಗದ್ದೆಯಿಂದಲೇ ಬೀಜ ತೆಗೆದರೆ ಉಪ್ಪಿನ ಆಯ್ಕೆ ಇಲ್ಲಿಯೂ ಸಡಿಲವಾಗುತ್ತದೆ.

ಕಳೆದ ಬೀಜ ಮರಳುವ ಲೆಕ್ಕ

ಊರಿನ ಬೀಜವೆಲ್ಲ ಹೋಗಿ ಬ್ಯಾಂಕಿನಿಂದ 100 ಕಾಳು ಬಂದವೆಂದು ಭಾವಿಸಬಹುದು. ಅದರಲ್ಲಿ 80 ಸಸಿಗಳಾಗಿ, ಗಿಡವೊಂದಕ್ಕೆ 6 ಗ್ರಾಂನಂತೆ ಕೊಟ್ಟರೆ ಮೊದಲ ವರ್ಷ ಸುಮಾರು ಅರ್ಧ ಕಿಲೋ, ಅಂದರೆ ಸುಮಾರು 20,000 ಕಾಳು. ಎರಡನೆಯ ವರ್ಷ ಅವನ್ನು ಒಂಟಿ ಸಸಿಯಾಗಿ 20 ಸೆಂಟಿಮೀಟರಿಗೆ 15 ಸೆಂಟಿಮೀಟರು ಅಂತರದಲ್ಲಿ ನೆಟ್ಟರೆ ಆರು ಗುಂಟೆಯಷ್ಟು ಜಾಗ ಹಿಡಿಯುತ್ತದೆ. ಹೆಕ್ಟೇರಿಗೆ 2 ಟನ್ನಿನ ಲೆಕ್ಕದಲ್ಲಿ ಅದರಿಂದ 120 ಕಿಲೋ ಸಿಗುತ್ತದೆ. ಎಕರೆಗೆ 40 ಕಿಲೋ ಎರಚಿದರೆ ಮೂರನೆಯ ವರ್ಷ ಮೂರು ಎಕರೆಗೆ ಸಾಕು. ಹೀಗೆ ಮೂರು ಎಕರೆ ತುಂಬಿದರೂ ಆ ಪೈರಿನಲ್ಲಿರುವುದು ಮೊದಲ 80 ಗಿಡಗಳ ಗುಣ ಮಾತ್ರ. ನೂರರಲ್ಲಿ ಒಂದಾಗಿದ್ದ ಬಗೆ ಅವುಗಳಲ್ಲಿ ಇಲ್ಲದಿರುವ ಸಂಭವ ಶೇಕಡ 45ರಷ್ಟಿದೆ.

ಬ್ಯಾಂಕು ಬೀಜವನ್ನು ಒಂದು ದಿನದ ಸ್ಥಿತಿಯಲ್ಲಿ ನಿಲ್ಲಿಸಿ ಕಾಪಾಡುತ್ತದೆ. ಗದ್ದೆ ಅದನ್ನು ಬದಲಾಗುತ್ತ ಬದುಕಲು ಬಿಡುತ್ತದೆ. ಅದಕ್ಕಾಗಿಯೇ ಗಜನಿಯ ರೈತರು ಕೊಯ್ಲಿಗೆ ಮೊದಲು ಮೇಲುಗದ್ದೆ, ತಗ್ಗು, ತೂಬಿನ ಬದಿ ಹೀಗೆ ಎಲ್ಲ ಕಡೆಗಳಿಂದಲೂ ಸೇರಿ 300 ತೆನೆ ಆರಿಸಿ, ಬೆರೆಸಿ, ಎರಡು ಪಾಲು ಮಾಡುವುದು ಒಳ್ಳೆಯದು. ಒಂದು ಪಾಲನ್ನು ಊರಿನ ಹೆಸರು, ಗದ್ದೆಯ ಬಗೆ, ಕೊಯ್ದ ದಿನ ಬರೆದ ಚೀಟಿಯೊಡನೆ ಬ್ಯಾಂಕಿಗೆ ಕಳುಹಿಸಬೇಕು. ಇನ್ನೊಂದನ್ನು ಮುಂದಿನ ಜೂನ್‌ನಲ್ಲಿ ಗಜನಿಗೆ ಬಿತ್ತಬೇಕು. ಐದಾರು ವರ್ಷಗಳಿಗೊಮ್ಮೆ ಹೊಸ ಮಾದರಿಯನ್ನು ಕಳುಹಿಸಿದರೆ ಗದ್ದೆಯಲ್ಲಿ ಆದ ಬದಲಾವಣೆಯೂ ದಾಸ್ತಾನಿಗೆ ಸೇರುತ್ತದೆ.